ಕಾಲೇಜು ಹೂಡಿಕೆ ಕ್ಲಬ್‌ನಲ್ಲಿ ಭಾಷಣ: ಒಂದು ದೊಡ್ಡ ಗೆಲುವಿಗಿಂತ ಆಟದಲ್ಲಿ ಉಳಿಯೋದು ಯಾಕೆ ಮುಖ್ಯ? ಕರಡು ಹಾಕಿದ್ದೇನೆ, ನೋಡಿ ಹೇಳಿ

ವಿಜಯಾ_ರಿಸ್ಕ್

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಒಂದು ಕಾಲೇಜಿನ ಹೂಡಿಕೆ ಕ್ಲಬ್‌ನಲ್ಲಿ ಮಾತಾಡಬೇಕು. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಸುಮಾರು 40 ಜನ ಇರ್ತಾರಂತೆ. ನಾನು ಸಾಲ ಕೊಡುವ ಸಂಸ್ಥೆಯೊಂದರ ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡುವವಳು. ಯಾವ ಷೇರು ತಗೋಬೇಕು ಅಂತ ಹೇಳೋದು ನನ್ನ ಕೆಲಸ ಅಲ್ಲ, ಹೇಳೋದೂ ಇಲ್ಲ. ವಿಷಯ ಅವರೇ ಕೊಟ್ಟಿದ್ದು.

ತಾಳ್ಮೆ ಇರಲಿ, ಶಿಸ್ತು ಇರಲಿ ಅಂತ ಉಪದೇಶಕ್ಕೆ ಕೂತರೆ ಎರಡನೇ ನಿಮಿಷಕ್ಕೇ ಎಲ್ಲರೂ ಫೋನ್ ತೆಗೀತಾರೆ. ಅದಕ್ಕೆ ಅವರ ಕೈಯಲ್ಲೇ ಒಂದು ಆಟ ಆಡಿಸೋಣ ಅಂತಿದ್ದೇನೆ. ಕರಡು ಇದು:

"ನಿಮ್ಮೆಲ್ಲರ ಹತ್ರ 100 ಅಂಕ ಇದೆ ಅಂದ್ಕೊಳ್ಳಿ. ಒಂದು ನಾಣ್ಯ ಚಿಮ್ಮಿ. ಹೆಡ್ಸ್ ಬಿದ್ದರೆ ನಿಮ್ಮ ಹತ್ರ ಇರುವಷ್ಟರ ಮೇಲೆ 50 ಪರ್ಸೆಂಟ್ ಸೇರುತ್ತದೆ. ಟೇಲ್ಸ್ ಬಿದ್ದರೆ 40 ಪರ್ಸೆಂಟ್ ಹೋಗುತ್ತದೆ. ಗೆದ್ದರೆ 50, ಸೋತರೆ 40. ಒಳ್ಳೆ ಆಟ ಅಲ್ವಾ? ಆಡೋಕೆ ಒಪ್ಪುವವರು ಕೈ ಎತ್ತಿ.

ಈಗ ಎರಡು ಸಲ ಚಿಮ್ಮೋಣ. ಎರಡೂ ಹೆಡ್ಸ್ ಬಂದರೆ 100 ಹೋಗಿ 150, ಆಮೇಲೆ 225. ಒಂದು ಹೆಡ್ಸ್ ಒಂದು ಟೇಲ್ಸ್ ಬಂದರೆ 150ರಲ್ಲಿ 40 ಪರ್ಸೆಂಟ್ ಹೋಗಿ 90. ಮೊದಲು ಟೇಲ್ಸ್, ಆಮೇಲೆ ಹೆಡ್ಸ್ ಬಂದರೂ ಅದೇ 90. ಎರಡೂ ಟೇಲ್ಸ್ ಆದರೆ 36. ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿ. ಸರಾಸರಿ 110 ಚಿಲ್ಲರೆ. ಅಂದರೆ ಆಟ ಲಾಭದ್ದೇ. ಆದರೆ ನಾಲ್ಕು ದಾರಿಯಲ್ಲಿ ಮೂರು ದಾರಿ ಹಿಡಿದವರು 100ಕ್ಕಿಂತ ಕೆಳಗಿದ್ದಾರೆ. ಇಡೀ ಲಾಭ ಒಬ್ಬನ 225ರಲ್ಲಿ ಕೂತಿದೆ.

20 ಸಲ ಆಡಿದರೆ ಇದು ಇನ್ನೂ ಜೋರಾಗುತ್ತದೆ. ಸರಾಸರಿ 265ಕ್ಕೆ ಏರುತ್ತದೆ. ಆದರೆ ಹತ್ತು ಹೆಡ್ಸ್, ಹತ್ತು ಟೇಲ್ಸ್ ಬಂದ, ಅದೃಷ್ಟವೂ ಇಲ್ಲ ದುರದೃಷ್ಟವೂ ಇಲ್ಲ ಅನ್ನುವಂಥ ಮನುಷ್ಯನ ಹತ್ರ ಉಳಿಯೋದು 35. 11 ಹೆಡ್ಸ್ ಬಂದವನ ಹತ್ರವೂ 87 ಅಷ್ಟೇ. ಹಾಕಿದ ಅಸಲು ದಾಟಬೇಕು ಅಂದರೆ 12 ಹೆಡ್ಸ್ ಆದರೂ ಬೀಳಬೇಕು. ಅದು ನಾಲ್ಕರಲ್ಲಿ ಒಬ್ಬರಿಗೆ ಆಗೋ ಮಾತು. ಈ ರೂಮಿನಲ್ಲಿ ಸುಮಾರು ಹತ್ತು ಜನ ಮೇಲಿರ್ತೀರಿ, ಮೂವತ್ತು ಜನ ಕೆಳಗಿರ್ತೀರಿ. ನಾಳೆ ಕ್ಯಾಂಟೀನ್‌ನಲ್ಲಿ ಮಾತಾಡೋದು ಮಾತ್ರ ಆ ಹತ್ತು ಜನ."

ಇಲ್ಲಿಂದ ಮುಂದೆ, ಪಂದ್ಯದಲ್ಲಿ ತಪ್ಪಿಲ್ಲ, ಎಷ್ಟು ಹಾಕ್ತೀವಿ ಅನ್ನೋದರಲ್ಲಿ ತಪ್ಪಿದೆ ಅನ್ನುವ ಕಡೆಗೆ ಹೋಗಬೇಕು. ಅದನ್ನು ಹೇಗೆ ಸುಲಭವಾಗಿ ತೋರಿಸೋದು ಅಂತ ಹೊಳೀತಾ ಇಲ್ಲ. ಸಲಹೆ ಕೊಡಿ.

ದೀರ್ಘಾವಧಿ

ಮೇಡಂ, ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿದೆ. ಪ್ರತಿ ಟಾಸ್‌ಗೂ ಸರಾಸರಿ 5 ಪರ್ಸೆಂಟ್ ಲಾಭ ಇದೆ ಅಂತ ನೀವೇ ಹೇಳ್ತೀರಿ. ಹಾಗಿದ್ದ ಮೇಲೆ ಜಾಸ್ತಿ ಸಲ ಆಡಿದಷ್ಟೂ ಅದೃಷ್ಟದ ಪಾಲು ಕಮ್ಮಿ ಆಗಿ ಸರಾಸರಿ ಹತ್ರ ಬರಬೇಕು. ಹತ್ತು ಸಾವಿರ ಸಲ ಆಡಿದರೆ ಹೆಡ್ಸ್ ಹೆಚ್ಚುಕಮ್ಮಿ ಅರ್ಧಕ್ಕರ್ಧ ಬರುತ್ತದೆ, ಅದು ಯಾರಿಗಾದರೂ ಗೊತ್ತು. ಮಾರುಕಟ್ಟೆಯಲ್ಲೂ ಅದೇ ಕತೆ. ಸುಮ್ನೆ ಕೂತಿರಬೇಕು, ಕಾಲ ಎಲ್ಲವನ್ನೂ ಸರಿ ಮಾಡುತ್ತದೆ. ಉಳಿಯೋದು ಮುಖ್ಯ ಅನ್ನೋ ನಿಮ್ಮ ಮಾತಿಗೂ ಇದೇ ಕಾರಣ ಅಲ್ವಾ?

ಗಣಿತಪ್ರಿಯ

ದೀರ್ಘಾವಧಿ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಸರಿ ಇರುವ ಅರ್ಧವೇ ಇಲ್ಲಿ ಮುಳುಗಿಸುತ್ತದೆ. ಹೌದು, ಜಾಸ್ತಿ ಆಡಿದಷ್ಟೂ ಹೆಡ್ಸ್ ಅರ್ಧದ ಹತ್ರ ಬರುತ್ತದೆ. ಈಗ ಅದನ್ನೇ ಹಿಡಿದು ಲೆಕ್ಕ ಹಾಕಿ. ಒಂದು ಹೆಡ್ಸ್‌ಗೆ ಒಂದು ಟೇಲ್ಸ್ ಸರಿಯಾಗಿ ಬಂದರೆ ದುಡ್ಡು 1.5 ಪಟ್ಟಾಗಿ, ಆಮೇಲೆ 0.6 ಪಟ್ಟಾಗುತ್ತದೆ. ಗುಣಿಸಿದರೆ 0.9. ಜೋಡಿಗೊಮ್ಮೆ ಹತ್ತು ಪರ್ಸೆಂಟ್ ಹೋಯ್ತು. ಅರ್ಧಕ್ಕರ್ಧದ ಹತ್ರ ಹೋದಷ್ಟೂ ನಾಶ ಖಾತ್ರಿ ಆಗುತ್ತದೆ. ಹತ್ತು ಸಾವಿರ ಸಲ ಆಡಿದವನ ಹತ್ರ ಏನೂ ಉಳಿದಿರೋದಿಲ್ಲ ಅಂತಲೇ ತಿಳ್ಕೊಳ್ಳಿ.

ಹಾಗಾದರೆ ಆ 5 ಪರ್ಸೆಂಟ್ ಎಲ್ಲಿ ಹೋಯ್ತು? ಅದು ಒಂದೇ ಸಮಯಕ್ಕೆ ಆಡುವ ಲಕ್ಷ ಜನರನ್ನು ಕೂಡಿಸಿ ತೆಗೆದ ಸರಾಸರಿ. ಬೆರಳೆಣಿಕೆಯ ಜನ ಊಹೆಗೂ ಸಿಗದಷ್ಟು ಗೆದ್ದಿರ್ತಾರೆ. ಅವರ ಮೊತ್ತ ಎಲ್ಲರ ಸರಾಸರಿಯನ್ನು ಎತ್ತಿ ಹಿಡಿಯುತ್ತದೆ. ನಿಮಗೆ ಸಿಗೋದು ಲಕ್ಷ ಜನರ ಸರಾಸರಿ ಅಲ್ಲ. ಒಂದೇ ಖಾತೆ, ಒಂದರ ಮೇಲೊಂದು ಬರುವ ವರ್ಷಗಳು, ಪ್ರತಿ ವರ್ಷದ ಫಲ ಹಿಂದಿನದರ ಮೇಲೆ ಗುಣಾಕಾರ. ಕೂಡಿಸುವ ಆಟದಲ್ಲಿ ಕಾಲ ನಿಮ್ಮ ಗೆಳೆಯ. ಗುಣಿಸುವ ಆಟದಲ್ಲಿ ಅದು ನೀವು ಹಾಕುವ ಪಾಲಿನ ಮೇಲೆ ನಿಂತಿದೆ.

ವಿಜಯಾ ಅವರೇ, ನೀವು ಹುಡುಕ್ತಿರೋ ಉತ್ತರವೂ ಇಲ್ಲೇ ಇದೆ. ಅದೇ ನಾಣ್ಯ, ಅದೇ 50, ಅದೇ 40. ಆದರೆ ಪ್ರತಿ ಸಲ ಇರುವುದರಲ್ಲಿ ಕಾಲು ಭಾಗ ಮಾತ್ರ ಹಾಕಿ, ಮುಕ್ಕಾಲು ಪಕ್ಕಕ್ಕಿಡಿ. ಹೆಡ್ಸ್ ಬಿದ್ದರೆ ಒಟ್ಟು ದುಡ್ಡು 1.125 ಪಟ್ಟು, ಟೇಲ್ಸ್ ಬಿದ್ದರೆ 0.9 ಪಟ್ಟು. ಗುಣಿಸಿದರೆ 1.0125. ಅರ್ಧಕ್ಕರ್ಧ ಬಂದರೂ ಏರುತ್ತದೆ. 20 ಸಲದಲ್ಲಿ ಹತ್ತು ಹೆಡ್ಸ್ ಬಂದವನ ಹತ್ರ 35ರ ಜಾಗದಲ್ಲಿ 113 ಇರುತ್ತದೆ.

ಈಗ ಪಾಲನ್ನು ಅರ್ಧಕ್ಕೆ ಏರಿಸಿ. ಹೆಡ್ಸ್‌ಗೆ 1.25, ಟೇಲ್ಸ್‌ಗೆ 0.8. ಗುಣಿಸಿದರೆ ಸರಿಯಾಗಿ 1. ಎಷ್ಟೇ ಆಡಿದರೂ ನಡುವಿನವನು ಇದ್ದಲ್ಲೇ ಇರ್ತಾನೆ. ಅರ್ಧಕ್ಕಿಂತ ಜಾಸ್ತಿ ಹಾಕಿದರೆ ಇಳಿಯೋಕೆ ಶುರು. ಈ ನಾಣ್ಯಕ್ಕೆ ಅತಿ ವೇಗವಾಗಿ ಬೆಳೆಯುವ ಪಾಲು ಆ ಕಾಲು ಭಾಗವೇ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಈ ಸೂತ್ರ ಕೊಟ್ಟರು. ಭಾಷಣದಲ್ಲಿ ಸೂತ್ರ ಬೇಡ. ಬೋರ್ಡಿನ ಮೇಲೆ ಮೂರೇ ಸಾಲು ಸಾಕು: ಕಾಲು ಹಾಕಿದವನು ಏರ್ತಾನೆ, ಅರ್ಧ ಹಾಕಿದವನು ನಿಂತಲ್ಲೇ ನಿಲ್ತಾನೆ, ಪೂರ್ತಿ ಹಾಕಿದವನು ಮುಳುಗ್ತಾನೆ. ಮೂವರಿಗೂ ನಾಣ್ಯ ಒಂದೇ.

ಮಹೇಶ್_ಎನ್

ಇದೆಲ್ಲ ಪುಸ್ತಕದ ಬದನೇಕಾಯಿ ಅನ್ನಿಸ್ತಿದೆ, ಬೇಜಾರಾಗಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಳಿತಾಯ ಪೂರ್ತಿ ಒಂದೇ ಕಂಪನಿ ಷೇರಿಗೆ ಹಾಕಿದೆ. ಎಲ್ಲರೂ ಬೈದರು. ಒಂದು ಹಂತದಲ್ಲಿ ಒಂಬತ್ತು ಪಟ್ಟಾಯ್ತು. ಕಾಲು ಭಾಗ ಹಾಕಿದ್ದರೆ ಇವತ್ತು ನಾನು ಎಲ್ಲಿರ್ತಿದ್ದೆ? ಮಕ್ಕಳಿಗೆ ಧೈರ್ಯ ತುಂಬುವ ಮಾತು ಹೇಳಿ ಮೇಡಂ, ಹೆದರಿಸಬೇಡಿ. ಅಂದಹಾಗೆ ಈಗ ತಗೊಳ್ಳೋಕೆ ಯಾವ ವಲಯ ಚೆನ್ನಾಗಿದೆ, ಯಾರಾದರೂ ಹೇಳ್ತೀರಾ?

ಹಳೇ_ಬ್ರೋಕರ್

ಮಹೇಶ್, ನಿಮ್ಮ ಗೆಲುವಿಗೆ ನಿಜಕ್ಕೂ ಸಂತೋಷ. ಒಂದು ಸಣ್ಣ ಪ್ರಶ್ನೆ. ಒಂದು ಹಂತದಲ್ಲಿ ಒಂಬತ್ತು ಪಟ್ಟು ಅಂದಿರಿ. ಈಗ ಎಷ್ಟು ಪಟ್ಟಿದೆ? ಇನ್ನೂ ಪೂರ್ತಿ ಅದರಲ್ಲೇ ಇದ್ದೀರಾ?

ಮಹೇಶ್_ಎನ್

ನಾಲ್ಕು ಪಟ್ಟು. ಹೌದು, ಅದರಲ್ಲೇ ಇದೆ. ಕಂಪನಿ ಚೆನ್ನಾಗಿದೆ, ವಾಪಸ್ ಬರುತ್ತದೆ.

ಹಳೇ_ಬ್ರೋಕರ್

ಬರಲಿ. ಆದರೂ ಲೆಕ್ಕ ಒಂದು ಸಲ ನೋಡಿ. ಒಂಬತ್ತರಿಂದ ನಾಲ್ಕಕ್ಕೆ ಬರಲು ಶೇಕಡಾ 56ರಷ್ಟು ಬಿದ್ದರೆ ಸಾಕು. ನಾಲ್ಕರಿಂದ ಒಂಬತ್ತಕ್ಕೆ ಹೋಗಲು ಶೇಕಡಾ 125 ಏರಬೇಕು. ನಿಮ್ಮದು ಇನ್ನೂ ಲಾಭದಲ್ಲಿದೆ, ಸಾಲ ಮಾಡಿ ಹಾಕಿಲ್ಲ, ಹಾಗಾಗಿ ಕಾಯೋಕೆ ಆಗ್ತಿದೆ. ನೀವು ಇನ್ನೂ ಆಟದಲ್ಲಿದ್ದೀರಿ ಅನ್ನೋದು ಸಾಲ ಇಲ್ಲ ಅನ್ನೋ ಒಂದೇ ಕಾರಣಕ್ಕೆ.

ವಿಜಯಾ ಮೇಡಂ, ನಾನು ಬ್ರೋಕರ್ ಕಚೇರಿಯ ಮಾರ್ಜಿನ್ ಡೆಸ್ಕಿನಲ್ಲಿ ಬಹಳ ವರ್ಷ ಕೂತವನು. ಆಟದಿಂದ ಹೊರಗೆ ಬೀಳೋದು ಅಂದರೆ ಏನು ಅಂತ ಮಕ್ಕಳಿಗೆ ಹೇಳಿದ್ದೀರಾ? ನಾಣ್ಯದ ಆಟದಲ್ಲಿ ದುಡ್ಡು ಕರಗುತ್ತದೆ, ಆದರೆ ಯಾರೂ ಬಂದು ಎಬ್ಬಿಸಿ ಕಳಿಸೋದಿಲ್ಲ. ಮಾರ್ಜಿನ್ನಿನಲ್ಲಿ ಎಬ್ಬಿಸಿ ಕಳಿಸ್ತಾರೆ.

ಹೇಗೆ ಅಂತ ನೋಡಿ. ಒಬ್ಬ ಹುಡುಗನ ಹತ್ರ 100 ಇದೆ. ಬ್ರೋಕರ್ ಹತ್ರ 200 ಸಾಲ ತಗೊಂಡು 300ರ ಷೇರು ತಗೊಂಡ. ಷೇರು ಮೂರು ತಿಂಗಳಲ್ಲಿ 30 ಪರ್ಸೆಂಟ್ ಬಿತ್ತು, ಮುಂದಿನ ಆರು ತಿಂಗಳಲ್ಲಿ ಮೊದಲಿನ ಬೆಲೆ ದಾಟಿ ಹೋಯ್ತು. ಚಾರ್ಟ್ ನೋಡಿದವರು ಏನೂ ಆಗಿಲ್ಲ ಅಂತಾರೆ. ಹುಡುಗನ ಕತೆ ಬೇರೆ. ಷೇರು 20 ಪರ್ಸೆಂಟ್ ಬಿದ್ದಾಗ 300 ಇದ್ದದ್ದು 240 ಆಯ್ತು. ಸಾಲ 200 ಹಾಗೇ ಇದೆ. ಅವನ ಸ್ವಂತದ್ದು 40 ಉಳಿಯಿತು. ಇಷ್ಟೊತ್ತಿಗೆ ನಮ್ಮ ಡೆಸ್ಕಿನಿಂದ ಮೆಸೇಜ್ ಹೋಗಿರುತ್ತದೆ, ದುಡ್ಡು ತುಂಬು ಅಂತ. ತುಂಬೋಕೆ ಇಲ್ಲ. ಬ್ರೋಕರ್ ಮಾರುತ್ತಾನೆ. ಅವನನ್ನು ಕೇಳಿ ಮಾರೋದಿಲ್ಲ, ಒಳ್ಳೆ ಬೆಲೆಗೂ ಕಾಯೋದಿಲ್ಲ. ಸಾಲ ತೀರಿ ಅವನ ಕೈಗೆ 30ರಿಂದ 40 ಬಂದಿರಬಹುದು. ಆರು ತಿಂಗಳಾದ ಮೇಲೆ ಷೇರು ಏರಿದಾಗ ಅವನು ಹೇಳ್ತಾನೆ, ನಾನು ಹೇಳಿದ್ದೇ ಸರಿ ಆಯ್ತು ಅಂತ. ಸರಿ ಆಗಿದ್ದು ನಿಜ. ಆದರೆ ಅಷ್ಟೊತ್ತಿಗೆ ಅವನ ಷೇರು ಬೇರೆಯವರ ಕೈಯಲ್ಲಿದೆ.

ಇಂಥ ಫೋನುಗಳನ್ನು ನಾನು ಎಷ್ಟೋ ತೆಗೆದಿದ್ದೇನೆ. ಎಲ್ಲರೂ ಹೇಳೋದು ಒಂದೇ ಮಾತು, "ಇನ್ನು ಎರಡು ದಿನ ಕೊಡಿ ಸರ್."

ದೀರ್ಘಾವಧಿ

ಗಣಿತಪ್ರಿಯ ಅವರ ಲೆಕ್ಕ ನಾನೇ ಕೂತು ಹಾಕಿ ನೋಡಿದೆ, ಒಪ್ಪಿದೆ. ಆದರೆ ಹಳೇ ಬ್ರೋಕರ್ ಸರ್, ಆ ಹುಡುಗ ಸ್ಟಾಪ್‌ಲಾಸ್ ಹಾಕಿದ್ದರೆ? 5 ಪರ್ಸೆಂಟ್ ಬಿದ್ದಾಗಲೇ ಹೊರಗೆ ಬಂದಿದ್ದರೆ ಇಷ್ಟೆಲ್ಲ ರಾಮಾಯಣ ಇರ್ತಿರಲಿಲ್ಲ.

ಹಳೇ_ಬ್ರೋಕರ್

ಸಾಮಾನ್ಯ ದಿನಗಳಲ್ಲಿ ಕೆಲಸ ಮಾಡುತ್ತದೆ. ಆದರೆ ಸಾಯಿಸೋದು ಸಾಮಾನ್ಯ ದಿನ ಅಲ್ಲ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಗ್ಗೆ ಷೇರು 18 ಪರ್ಸೆಂಟ್ ಕೆಳಗೇ ತೆರೆದರೆ ನಿಮ್ಮ 5 ಪರ್ಸೆಂಟ್ ಆರ್ಡರು ಆ ಕೆಳಗಿನ ಬೆಲೆಗೇ ಹೋಗುತ್ತದೆ. ಮೂರು ಪಟ್ಟು ಹಾಕಿದ್ದರೆ 18 ಅನ್ನೋದು 54. ಕೆಲವು ಸಲ ಕೊಳ್ಳೋರೇ ಇರೋದಿಲ್ಲ. ಸ್ಟಾಪ್‌ಲಾಸ್ ಇರಲಿ, ಬೇಡ ಅನ್ನೋದಿಲ್ಲ. ಆದರೆ ಅದನ್ನು ನಂಬಿ ಪಾಲು ಹೆಚ್ಚಿಸಬೇಡಿ.

ವಿಜಯಾ_ರಿಸ್ಕ್

ತುಂಬಾ ಥ್ಯಾಂಕ್ಸ್. ಕಾಲು, ಅರ್ಧ, ಪೂರ್ತಿ ಅನ್ನುವ ಮೂರು ಸಾಲು ಖಂಡಿತ ತಗೋತೀನಿ. ಮಾರ್ಜಿನ್ ಉದಾಹರಣೆಯೂ ಬೇಕು. ಅದಕ್ಕೆ ಜೋಡಿಯಾಗಿ ನಿಜವಾಗಿ ನಡೆದ ಒಂದು ಕತೆ ಇಡೋಣ ಅಂತಿದ್ದೇನೆ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಫಂಡಿನದ್ದು. ಹೀಗೆ ಬರೆದಿದ್ದೇನೆ:

"1994ರಲ್ಲಿ ಅಮೆರಿಕದಲ್ಲಿ ಒಂದು ಫಂಡ್ ಶುರುವಾಯಿತು. ಪಾಲುದಾರರಲ್ಲಿ ರಾಬರ್ಟ್ ಮರ್ಟನ್ ಮತ್ತು ಮೈರನ್ ಶೋಲ್ಸ್ ಇದ್ದರು. 1997ರಲ್ಲಿ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಮೊದಲ ವರ್ಷಗಳಲ್ಲಿ ಭರ್ಜರಿ ಲಾಭ. ಅವರ ಪಂದ್ಯಗಳು ಸಣ್ಣವು, ಹೆಚ್ಚಿನವು ಜಾಣತನದವು. ಹೆಚ್ಚುಕಮ್ಮಿ ಒಂದೇ ತರಹದ ಎರಡು ಬಾಂಡುಗಳ ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೆ, ಅದು ಕಮ್ಮಿ ಆಗುತ್ತದೆ ಅಂತ ದುಡ್ಡು ಹಾಕುವುದು. ಲಾಭ ತೀರಾ ಸಣ್ಣದಾದ್ದರಿಂದ ಭಾರೀ ಸಾಲ ಬೇಕಾಯಿತು. 1998ರ ಶುರುವಿನಲ್ಲಿ ಸ್ವಂತ ಬಂಡವಾಳ 5 ಬಿಲಿಯನ್ ಡಾಲರಿಗೆ ಸ್ವಲ್ಪ ಕಮ್ಮಿ, ಸಾಲ 100 ಬಿಲಿಯನ್ನಿಗಿಂತ ಜಾಸ್ತಿ. ಸ್ವಂತದ್ದರ ಸುಮಾರು 25 ಪಟ್ಟು ಆಸ್ತಿ. 25 ಪಟ್ಟು ಅಂದರೆ ಆಸ್ತಿ ಶೇಕಡಾ 4 ಇಳಿದರೆ ಸ್ವಂತದ್ದು ಸೊನ್ನೆ.

1998ರ ಆಗಸ್ಟಿನಲ್ಲಿ ರಷ್ಯಾ ತನ್ನ ಸಾಲ ತೀರಿಸೋದಿಲ್ಲ ಅಂದಿತು. ಎಲ್ಲರೂ ಹೆದರಿ ಸುರಕ್ಷಿತ ಬಾಂಡುಗಳ ಕಡೆ ಓಡಿದರು. ಕಮ್ಮಿ ಆಗಬೇಕಿದ್ದ ವ್ಯತ್ಯಾಸಗಳು ಒಟ್ಟಿಗೇ ಹೆಚ್ಚಾದವು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ದೊಡ್ಡ ದೊಡ್ಡ ಸಂಸ್ಥೆಗಳನ್ನು ಕೂರಿಸಿ ಮಾತಾಡಿಸಿತು. 14 ಸಂಸ್ಥೆಗಳು ಸೇರಿ ಸುಮಾರು 3.6 ಬಿಲಿಯನ್ ಡಾಲರ್ ಹಾಕಿ ಫಂಡಿನ ಶೇಕಡಾ 90 ಪಾಲು ತಗೊಂಡವು. ಆಮೇಲೆ ಮಾರುಕಟ್ಟೆ ತಣ್ಣಗಾಯಿತು. ಹಾಕಿದ ದುಡ್ಡು ಆ ಸಂಸ್ಥೆಗಳಿಗೆ ಸ್ವಲ್ಪ ಲಾಭದ ಜೊತೆ ವಾಪಸ್ ಬಂತು. ಪಾಲುದಾರರ ಸ್ವಂತ ದುಡ್ಡು ಮಾತ್ರ ಹೆಚ್ಚುಕಮ್ಮಿ ಪೂರ್ತಿ ಹೋಯಿತು."

ಇದು ಜಾಸ್ತಿ ಉದ್ದ ಆಯ್ತಾ?

ಗಣಿತಪ್ರಿಯ

ಉದ್ದ ಅನ್ನಿಸಲಿಲ್ಲ. ನೊಬೆಲ್ ವಿಷಯದ ಮೇಲೆ ಜಾಸ್ತಿ ಒತ್ತು ಹಾಕಬೇಡಿ. ಬುದ್ಧಿವಂತರಿಗೂ ಬುದ್ಧಿ ಇಲ್ಲ ಅಂತ ಮಕ್ಕಳು ನಕ್ಕು ಮರೆತುಬಿಡ್ತಾರೆ. 25 ಪಟ್ಟಿಗೆ 4 ಪರ್ಸೆಂಟ್ ಅನ್ನೋದನ್ನು ಹಳೇ ಬ್ರೋಕರ್ ಹೇಳಿದ ಹುಡುಗನ ಮೂರು ಪಟ್ಟಿನ ಪಕ್ಕದಲ್ಲಿ ಬರೆಯಿರಿ. ಮೂರು ಪಟ್ಟಾದರೆ 33 ಪರ್ಸೆಂಟ್ ಬೀಳಬೇಕು, 25 ಪಟ್ಟಾದರೆ 4 ಬಿದ್ದರೆ ಸಾಕು. ಬ್ರೋಕರ್ ಅದಕ್ಕೂ ಮೊದಲೇ ಬರ್ತಾನೆ. ಎಷ್ಟು ಬಿದ್ದರೆ ನಾನು ಹೊರಗೆ ಅಂತ ಪ್ರತಿಯೊಬ್ಬರೂ ತಮ್ಮ ಖಾತೆಗೆ ಲೆಕ್ಕ ಹಾಕಿಕೊಳ್ಳಬಹುದು.

ಇನ್ನೊಂದು. ಅದೇ ಫಂಡಿನ ಪಾಲುದಾರರಲ್ಲಿ ಒಬ್ಬರಾಗಿದ್ದ ವಿಕ್ಟರ್ ಹಗಾನಿ, ರಿಚರ್ಡ್ ಡ್ಯೂಯಿ ಎಂಬುವರ ಜೊತೆ ಸೇರಿ 2016ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ನಿಮ್ಮ ಕ್ಲಬ್ಬಿಗೆ ಅಳತೆ ತೆಗೆದು ಹೊಲಿದಂತಿದೆ. 61 ಜನ, ಹೆಚ್ಚಿನವರು ಅರ್ಥಶಾಸ್ತ್ರ, ಫೈನಾನ್ಸ್ ಓದುವ ವಿದ್ಯಾರ್ಥಿಗಳು ಮತ್ತು ಹಣಕಾಸು ಸಂಸ್ಥೆಗಳ ಯುವ ನೌಕರರು. ಪ್ರತಿಯೊಬ್ಬರಿಗೂ 25 ಡಾಲರ್, ಅರ್ಧ ಗಂಟೆ, ಕಂಪ್ಯೂಟರಿನಲ್ಲಿ ಒಂದು ನಾಣ್ಯ. ಅದು ಶೇಕಡಾ 60 ಸಲ ಹೆಡ್ಸ್ ಬೀಳುತ್ತದೆ ಅಂತ ಮೊದಲೇ ಬಾಯಿಬಿಟ್ಟು ಹೇಳಿದ್ದರು. ಪ್ರತಿ ಸಲ ಇರುವುದರಲ್ಲಿ ಐದನೇ ಒಂದು ಭಾಗ ಹೆಡ್ಸ್ ಮೇಲೆ ಹಾಕುತ್ತಾ ಹೋಗಿದ್ದರೆ ಸಾಕಿತ್ತು. ಬಹುಮಾನಕ್ಕೆ 250 ಡಾಲರಿನ ಮಿತಿ ಇತ್ತು. ಅದನ್ನು ಮುಟ್ಟಿದವರು ಶೇಕಡಾ 21 ಮಾತ್ರ. ಶೇಕಡಾ 28 ಜನ ಎಲ್ಲ ಕಳಕೊಂಡು ಎದ್ದರು. ಗೆಲ್ಲುವ ನಾಣ್ಯ ಕೈಗೆ ಕೊಟ್ಟರೂ ಹೀಗೆ. ಮೂರರಲ್ಲಿ ಎರಡು ಭಾಗ ಜನ ಯಾವಾಗಲಾದರೂ ಒಮ್ಮೆ ಟೇಲ್ಸ್ ಮೇಲೂ ಹಾಕಿದ್ದರು. ಯಾಕೆ ಅಂತ ಕೇಳಬೇಡಿ, ನನಗೆ ಅದು ಇವತ್ತಿಗೂ ನಗು ತರಿಸುತ್ತದೆ.

ನಾಣ್ಯ ಚಿಮ್ಮಿಸೋಕೆ ಸಮಯ ಸಾಲದಿದ್ದರೆ ಸ್ಪ್ರೆಡ್‌ಶೀಟ್ ಸಾಕು. `A1`ರಲ್ಲಿ 100, `D1`ರಲ್ಲಿ ಪಾಲು ಬರೆದು, ಇದನ್ನು `A2`ರಲ್ಲಿ ಹಾಕಿ ಕೆಳಗೆ `A21`ರವರೆಗೆ ಎಳೆಯಿರಿ:

```
=A1*(1+$D$1*IF(RAND()<0.5, 0.5, -0.4))
```

`D1`ರಲ್ಲಿ 1 ಇದ್ದರೆ ಪೂರ್ತಿ ಹಾಕಿದ ಹಾಗೆ, 0.25 ಇದ್ದರೆ ಕಾಲು. ನಾಣ್ಯ ಕೆಟ್ಟದಾಗಿ ಬಿದ್ದಾಗ ಏನಾಗುತ್ತದೆ ಅನ್ನೋದನ್ನು ತೋರಿಸಿ. 20ರಲ್ಲಿ 7 ಹೆಡ್ಸ್ ಮಾತ್ರ ಬಂದರೆ ಕಾಲು ಹಾಕಿದವನ ಹತ್ರ 58 ಉಳಿಯುತ್ತದೆ, ಪೂರ್ತಿ ಹಾಕಿದವನ ಹತ್ರ 2. ಐವತ್ತೆಂಟರವನು ಮುಂದಿನ ವಾರವೂ ಆಡಬಹುದು.

ಸುಧೀಂದ್ರ

ಎಲ್ಲರ ಲೆಕ್ಕವೂ ಸರಿ, ಆದರೆ ಕೇಳುಗರು ಯಾರು ಅನ್ನೋದನ್ನೇ ಮರೆತಿದ್ದೀರಿ. ಕಾಲೇಜು ಮಕ್ಕಳ ಖಾತೆಯಲ್ಲಿ ಇರೋದು ಪಾಕೆಟ್ ಮನಿ. ಅವರ ನಿಜವಾದ ಆಸ್ತಿ ಮುಂದಿನ ಮೂವತ್ತು ನಲವತ್ತು ವರ್ಷದ ಸಂಬಳ. ಅದಕ್ಕೆ ಹೋಲಿಸಿದರೆ ಈಗಿನ ಖಾತೆ ಪೂರ್ತಿ ಒಂದೇ ಷೇರಿಗೆ ಹಾಕಿದರೂ ಅವರು ಹಾಕಿದ್ದು ಒಟ್ಟು ಆಸ್ತಿಯ ನೂರರಲ್ಲಿ ಒಂದು ಭಾಗವೂ ಅಲ್ಲ. ನಿಮ್ಮ ಕಾಲು ಭಾಗದ ಲೆಕ್ಕದ ಪ್ರಕಾರವೇ ಅವರು ಜಾಸ್ತಿ ಧೈರ್ಯ ಮಾಡಬೇಕು. ಸೋತರೆ ಮುಂದಿನ ಸಂಬಳದಲ್ಲಿ ಮತ್ತೆ ಶುರು. ಮಹೇಶ್ ಮಾಡಿದ್ದೂ ಅದೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ.

ಗಣಿತಪ್ರಿಯ

ಇದು ಒಳ್ಳೆ ಮಾತು. ಖಾತೆ ಸೊನ್ನೆ ಆದರೆ ಆಟ ಮುಗೀತು ಅಂತ ನಾವು ಸುಮ್ನೆ ಅಂದುಕೊಂಡಿದ್ದೆವು. ಸಂಬಳ ಬರುವವನಿಗೆ ಅದು ನಿಜ ಅಲ್ಲ. ಎರಡು ತಕರಾರು ಮಾತ್ರ ಹೇಳ್ತೀನಿ. ಸಾಲ ಮಾಡಿ ಆಡಿದರೆ ಸೋಲು ಮುಂದಿನ ಸಂಬಳವನ್ನೂ ತಿನ್ನುತ್ತದೆ, ಆಗ ನಿಮ್ಮ ವಾದ ನಿಲ್ಲೋದಿಲ್ಲ. ಇನ್ನೊಂದು, ಮುಂದಿನ ಸಂಬಳ ಬರುತ್ತದೆ ಅನ್ನೋದು ಎಷ್ಟು ಖಾತ್ರಿ? ಮಾರುಕಟ್ಟೆ ಬಿದ್ದ ವರ್ಷವೇ ಕೆಲಸ ಸಿಗೋದೂ ಕಷ್ಟ. ಎರಡೂ ಒಟ್ಟಿಗೇ ಬೀಳುವ ಸಂಭವ ಇದೆ.

ಸುಧೀಂದ್ರ

ಸಾಲದ ಮಾತು ಒಪ್ಪಿದೆ. ಎರಡನೆಯದನ್ನು ಒಪ್ಪೋದಿಲ್ಲ. ಎರಡೂ ಬಿದ್ದರೂ ಇಪ್ಪತ್ತೊಂದರ ಹುಡುಗಿಗೆ ಕಾಯೋಕೆ ವರ್ಷಗಳಿವೆ. ನಿಮ್ಮ ಜಾಗ್ರತೆ ಐವತ್ತು ದಾಟಿದವರಿಗೆ ಹೇಳಿ ಮಾಡಿಸಿದ್ದು.

ಹಳೇ_ಬ್ರೋಕರ್

ಇಪ್ಪತ್ತೊಂದರಲ್ಲಿ ಸಣ್ಣ ಖಾತೆಯಲ್ಲಿ ಮಾಡಿದ್ದನ್ನೇ ಮೂವತ್ತೈದರಲ್ಲಿ ದೊಡ್ಡ ಖಾತೆಯಲ್ಲಿ ಮಾಡುವವರನ್ನು ನೋಡಿದ್ದೇನೆ. ಅದರಲ್ಲೂ ಮೊದಲ ಸಲ ಗೆದ್ದವರು. ಸೋತವರು ಎಷ್ಟೋ ವಾಸಿ.

ಸ್ಪಂದನಾ_ಕ್ಲಬ್

ಎಲ್ಲರಿಗೂ ನಮಸ್ಕಾರ. ನಾನು ವಿಜಯಾ ಮೇಡಂ ಬರ್ತಿರೋ ಕ್ಲಬ್ಬಿನವಳೇ. ಮೇಡಂ ಲಿಂಕ್ ಕಳಿಸಿದ್ದರು, ಪೂರ್ತಿ ಓದಿದೆ. ಒಂದು ವಿಷಯ ಕೇಳಬೇಕಿತ್ತು. ನಾವು ಪ್ರತಿ ಸೆಮಿಸ್ಟರ್ ನಕಲಿ ದುಡ್ಡಿನ ಟ್ರೇಡಿಂಗ್ ಸ್ಪರ್ಧೆ ನಡೆಸ್ತೀವಿ. ಮೂರು ತಿಂಗಳು. ಯಾರ ಲಾಭ ಜಾಸ್ತಿಯೋ ಅವರಿಗೆ ಬಹುಮಾನ, ಒಂದೇ ಬಹುಮಾನ. ಕಳೆದ ಸಲ ಗೆದ್ದವರು ಪೂರ್ತಿ ದುಡ್ಡನ್ನು ಅವಧಿ ಮುಗಿಯೋಕೆ ಬಂದ ಆಪ್ಷನ್ಸ್‌ಗೆ ಹಾಕಿದ್ದರು. ಅದಕ್ಕೂ ಹಿಂದಿನ ಸಲ ಗೆದ್ದವರೂ ಹಾಗೇ. ನಾವು ಇದನ್ನೇ ಚೆನ್ನಾಗಿ ಆಡೋದು ಅಂದ್ಕೊಂಡಿದ್ದೆವು. ಇಲ್ಲಿ ಓದಿದ ಮೇಲೆ ಗೊಂದಲ. ಅವರು ಆಡಿದ್ದು ತಪ್ಪಾ?

ಗಣಿತಪ್ರಿಯ

ಸ್ಪಂದನಾ, ಅವರು ತಪ್ಪಾಡಿಲ್ಲ. ನಿಮ್ಮ ಸ್ಪರ್ಧೆಯ ನಿಯಮಕ್ಕೆ ಸರಿಯಾಗಿಯೇ ಆಡಿದ್ದಾರೆ. ಎರಡನೇ ಸ್ಥಾನಕ್ಕೂ ಕೊನೇ ಸ್ಥಾನಕ್ಕೂ ಸಿಗೋದು ಒಂದೇ ಸೊನ್ನೆ ಆದರೆ, ಉಳಿಯೋದಕ್ಕೆ ಬೆಲೆಯೇ ಇಲ್ಲ. 40 ಜನ ಪೂರ್ತಿ ಹಾಕಿದರೆ ಅವರಲ್ಲಿ ಒಬ್ಬರು ಗೆದ್ದೇ ಗೆಲ್ತಾರೆ. ಕಾಲು ಭಾಗ ಹಾಕಿದ ಜಾಣ ಎಷ್ಟೇ ಚೆನ್ನಾಗಿ ಆಡಿದರೂ ಹತ್ತನೇ ಸ್ಥಾನ. ಹೋದ ಸಲದ ವಿಜೇತರನ್ನು ಅದೇ ಆಟ ಇನ್ನೂ ಮೂರು ಸಲ ಆಡಿ ಅಂತ ಕೂರಿಸಿದರೆ ಎಷ್ಟು ಸಲ ಗೆಲ್ತಾರೆ, ಯೋಚನೆ ಮಾಡಿ.

ವಿಜಯಾ ಅವರೇ, ನಿಜ ಹೇಳಬೇಕು ಅಂದರೆ ಇಪ್ಪತ್ತು ನಿಮಿಷದ ಭಾಷಣಕ್ಕಿಂತ ಮೂರು ತಿಂಗಳ ಈ ಸ್ಪರ್ಧೆ ಜಾಸ್ತಿ ಕಲಿಸುತ್ತದೆ. ಈಗ ಅದು ನೀವು ಹೇಳೋದಕ್ಕೆ ಉಲ್ಟಾ ಕಲಿಸ್ತಿದೆ.

ವಿಜಯಾ_ರಿಸ್ಕ್

ಇದು ನನಗೆ ಹೊಳೆದೇ ಇರಲಿಲ್ಲ. ಭಾಷಣದ ಕೊನೆಯ ಐದು ನಿಮಿಷ ಇದಕ್ಕೇ ಇಡ್ತೀನಿ. ಸ್ಪಂದನಾ, ನಿಯಮ ಬದಲಿಸೋಕೆ ಸಾಧ್ಯ ಇದೆಯೇನಮ್ಮ?

ಸ್ಪಂದನಾ_ಕ್ಲಬ್

ಬಹುಮಾನ ಕೊಡುವವರು ಒಬ್ಬರೇ ವಿಜೇತರು ಇರಬೇಕು ಅಂತಾರೆ ಮೇಡಂ. ಉಳಿದ ನಿಯಮ ನಮ್ಮ ಕೈಯಲ್ಲಿದೆ.

ಗಣಿತಪ್ರಿಯ

ಹಾಗಾದರೆ ವಿಜೇತರು ಒಬ್ಬರೇ ಇರಲಿ, ಲೆಕ್ಕ ಹಾಕುವ ರೀತಿ ಬದಲಿಸಿ. ಮೂರು ತಿಂಗಳನ್ನು ಹನ್ನೆರಡು ವಾರ ಮಾಡಿ. ಯಾರ ಖಾತೆಯಾದರೂ ತಾನು ಮುಟ್ಟಿದ ಮೇಲ್ಮಟ್ಟದಿಂದ 25 ಪರ್ಸೆಂಟ್ ಕೆಳಗೆ ಬಂದರೆ ಅವರು ಸ್ಪರ್ಧೆಯಿಂದ ಹೊರಗೆ. ಮಾರ್ಜಿನ್ ಡೆಸ್ಕ್ ಮಾಡುವುದೂ ಅದನ್ನೇ. ಕೊನೆಯಲ್ಲಿ ಉಳಿದವರಲ್ಲಿ ಯಾರ ಲಾಭ ಜಾಸ್ತಿಯೋ ಅವರು ಗೆದ್ದ ಹಾಗೆ. ಜೊತೆಗೆ ಪ್ರತಿ ವಾರ ಬೋರ್ಡಿನ ಮೇಲೆ ಮೊದಲನೆಯವರ ಹೆಸರಿನ ಪಕ್ಕ, ಸಾಲಿನ ನಡುವೆ ನಿಂತವರ ಖಾತೆ ಎಷ್ಟಿದೆ ಅಂತಲೂ ಬರೆಯಿರಿ. ಹೊರಗೆ ಬಿದ್ದವರ ಸಂಖ್ಯೆಯನ್ನೂ.

ಮಹೇಶ್_ಎನ್

25 ಪರ್ಸೆಂಟ್ ಅಂದರೆ ನಾನು ಎಂದೋ ಹೊರಗೆ ಬೀಳ್ತಿದ್ದೆ. ನನ್ನ ಷೇರು ಎರಡು ಪಟ್ಟಾದ ಮೇಲೆ ಒಮ್ಮೆ 40 ಪರ್ಸೆಂಟ್ ಬಿದ್ದು ಆಮೇಲೆ ಒಂಬತ್ತಕ್ಕೆ ಹೋಗಿದ್ದು. ಒಳ್ಳೆ ಷೇರನ್ನು ಗಟ್ಟಿಯಾಗಿ ಹಿಡಿದವರನ್ನೂ ಈ ನಿಯಮ ಒದ್ದು ಓಡಿಸುತ್ತದೆ.

ಹಳೇ_ಬ್ರೋಕರ್

ಒಂದೇ ಷೇರು ಹಿಡಿದಿದ್ದರೆ ಓಡಿಸುತ್ತದೆ, ಹೌದು. ಅದೇ ಷೇರು ಖಾತೆಯ ಕಾಲು ಭಾಗ ಇದ್ದಾಗ 40 ಪರ್ಸೆಂಟ್ ಬಿದ್ದರೆ ಖಾತೆ ಬೀಳೋದು 10. ನೀವು ಇನ್ನೂ ಒಳಗೇ ಇರ್ತೀರಿ, ಷೇರೂ ಕೈಯಲ್ಲಿರುತ್ತದೆ.

ಸುಧೀಂದ್ರ

ಮಹೇಶ್ ಹೇಳೋದರಲ್ಲಿ ಹುರುಳಿದೆ. ಇಡೀ ಮಾರುಕಟ್ಟೆಯೇ 30 ಪರ್ಸೆಂಟ್ ಬಿದ್ದ ತಿಂಗಳು ಬಂದರೆ? ಸಾಲ ಮಾಡದೆ, ಹತ್ತಾರು ಷೇರಿಗೆ ಹಂಚಿ ಹಾಕಿದ ಹುಡುಗಿಯೂ ಹೊರಗೆ ಬೀಳ್ತಾಳೆ. ಅವಳದ್ದು ಏನು ತಪ್ಪು? 40 ಇಡಿ.

ಗಣಿತಪ್ರಿಯ

40 ಇಟ್ಟರೆ ಆಪ್ಷನ್ಸ್‌ನವರು ಸರಿಯಾಗಿ 39 ಕಳಕೊಳ್ಳುವ ಲೆಕ್ಕದಲ್ಲಿ ಆಡ್ತಾರೆ. ಪೂರ್ತಿ ಹಾಕೋ ಬದಲು 39 ಪರ್ಸೆಂಟ್ ಹಾಕಿ, ಅದು ಸೊನ್ನೆ ಆದರೂ ಉಳಿದುಕೊಳ್ತಾರೆ. 25 ಇಟ್ಟರೆ 24 ಹಾಕ್ತಾರೆ. ಮಿತಿ ಎಲ್ಲಿ ಇಟ್ಟರೂ ಅದರ ಅಂಚಿಗೇ ಬಂದು ನಿಲ್ಲೋರು ಇರ್ತಾರೆ. ಮಾರುಕಟ್ಟೆ ಬಿದ್ದಷ್ಟನ್ನು ಕಳೆದು, ಉಳಿದದ್ದಕ್ಕೆ ಮಾತ್ರ 25 ಅನ್ನಬಹುದು. ಆದರೆ ಆಗ ಲೆಕ್ಕ ಇಡುವವರಿಗೆ ಕೆಲಸ ಜಾಸ್ತಿ.

ಸ್ಪಂದನಾ_ಕ್ಲಬ್

ಲೆಕ್ಕ ಇಡೋದು ನಾನೇ ಸರ್, ಅದು ತೊಂದರೆ ಇಲ್ಲ. ಕಳೆದ ಸೆಮಿಸ್ಟರಿನ ಎಲ್ಲರ ವಾರವಾರದ ಖಾತೆಗಳು ನನ್ನ ಶೀಟಿನಲ್ಲೇ ಇವೆ. ಅದರ ಮೇಲೆ 25 ಮತ್ತು 40 ಎರಡನ್ನೂ ಹಾಕಿ, ಯಾರು ಯಾವ ವಾರ ಹೊರಗೆ ಬೀಳ್ತಿದ್ದರು ಅಂತ ಮೊದಲು ನೋಡ್ತೀನಿ. ಕಳೆದ ಸಲ ಗೆದ್ದವರು ಎರಡನೇ ವಾರದಲ್ಲೇ ಅರ್ಧ ಕಳಕೊಂಡಿದ್ದು ನನಗೆ ನೆನಪಿದೆ. ಮೇಡಂ, ಭಾಷಣದ ದಿನ ಆ ಶೀಟನ್ನೇ ಪರದೆ ಮೇಲೆ ಹಾಕೋಣವಾ? ಹೆಸರು ತೆಗೆದು ಹಾಕ್ತೀನಿ.

ವಿಜಯಾ_ರಿಸ್ಕ್

ಹಾಕೋಣ. ಹಾಗಾದರೆ ನನ್ನ ನಾಣ್ಯದ ಆಟ ಎಂಟು ನಿಮಿಷಕ್ಕೆ ಇಳಿಸ್ತೀನಿ. ಶೀಟು ಎರಡು ದಿನ ಮೊದಲೇ ಕಳಿಸಮ್ಮ, ಒಮ್ಮೆ ನೋಡಬೇಕು.